ಸಂಜೆಯ ಹಸಿವು ಬೇರೆ, ರಾತ್ರಿಯ ತಿನ್ನುವ ಆಸೆ ಬೇರೆ

ಪ್ರಶ್ನೆ: ಮೇಡಂ, ನನಗೆ 38 ವರ್ಷ. ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ತೂಕ ಇಳಿಸಬೇಕು ಅಂತ ಆರು ತಿಂಗಳಿಂದ ಊಟ ಕಡಿಮೆ ಮಾಡಿದ್ದೇನೆ. ಬೆಳಿಗ್ಗೆ 8ಕ್ಕೆ ಸಣ್ಣ ಬಟ್ಟಲು ಅವಲಕ್ಕಿ, ಮಧ್ಯಾಹ್ನ 12.45ಕ್ಕೆ ಒಂದು ಚಪಾತಿ, ಪಲ್ಯ, ನಡುವೆ ಎರಡು ಸಲ ಕಾಫಿ, ಅಷ್ಟೇ. ಸಂಜೆ 5.30ಕ್ಕೆ ಮನೆಗೆ ಬಂದರೆ ಬ್ಯಾಗ್ ಇಡೋಕೂ ಮೊದಲೇ ಖಾರಾ ಸೇವ್, ಚಕ್ಲಿ ಡಬ್ಬಕ್ಕೆ ಕೈ ಹೋಗುತ್ತೆ. ರಾತ್ರಿ 9ಕ್ಕೆ ಊಟ ಮಾಡಿದರೂ 10.30ಕ್ಕೆ ಮೊಬೈಲ್ ನೋಡ್ತಾ ಬಿಸ್ಕತ್ತು, ಚಾಕೊಲೇಟ್ ಬೇಕು. ಮಲಗೋದು 12.30, ಏಳೋದು 5.30. ಅವ್ವ ಹೋಗಿ ಹತ್ತು ತಿಂಗಳಾಯ್ತು. ಭಾನುವಾರ ಸಂಜೆ ಅವಳಿಗೆ ಫೋನ್ ಮಾಡ್ತಿದ್ದ ಹೊತ್ತಿಗೆ ತಿನ್ನೋದು ಇನ್ನೂ ಜಾಸ್ತಿ. ಶುಗರ್, ಥೈರಾಯ್ಡ್ ನಾರ್ಮಲ್ ಇದೆ. ಇದು ಹಸಿವಾ, ಮನಸ್ಸಿನ ಕಾಟವಾ? ಗುರುತಿಸೋದು ಹೇಗೆ? ಮನೆಗೆ ಕುರುಕಲು ತರೋದೇ ಬಿಟ್ಟುಬಿಡಲಾ?

ಉತ್ತರ: ನೀವು ಹೇಳಿರುವ ಮೂರು ಹೊತ್ತುಗಳಿಗೆ ಮೂರು ಬೇರೆ ಕಾರಣಗಳಿವೆ ಅಂತ ನನಗೆ ಅನಿಸುತ್ತದೆ. ಸಂಜೆ 5.30ರದ್ದು ಬಹುಪಾಲು ನಿಜವಾದ ಹಸಿವು. ರಾತ್ರಿ 10.30ರದ್ದು ಬೇಜಾರು, ಅದರ ಜೊತೆ ನಿದ್ದೆಗೇಡು. ಭಾನುವಾರದ್ದು ದುಃಖ. ಮೂರನ್ನೂ ಸೇರಿಸಿ 'ಮನಸ್ಸಿನ ಕಾಟ' ಅಂದುಬಿಟ್ಟರೆ ಮೂರಕ್ಕೂ ಒಂದೇ ಮದ್ದು ಹುಡುಕುತ್ತೀರಿ. ಸಾಮಾನ್ಯವಾಗಿ ಆ ಮದ್ದು 'ಇನ್ನೂ ಬಿಗಿ ಮಾಡಬೇಕು' ಅನ್ನುವುದೇ ಆಗಿರುತ್ತದೆ. ನಿಮ್ಮ ವಿಷಯದಲ್ಲಿ ಅದು ತೊಂದರೆಯನ್ನು ಹೆಚ್ಚಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ಸಣ್ಣ ಬಟ್ಟಲು ಅವಲಕ್ಕಿಗೆ ಸುಮಾರು 200 ಕ್ಯಾಲೊರಿ. ಒಂದು ಚಪಾತಿ, ಪಲ್ಯ ಸೇರಿ ಇನ್ನೊಂದು 200. ಹಾಲು, ಸಕ್ಕರೆ ಹಾಕಿದ ಎರಡು ಕಾಫಿಗೆ 120, 150 ಅಂದುಕೊಳ್ಳಿ. ಒಟ್ಟು 550ರ ಆಸುಪಾಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ, ಹೆಚ್ಚು ಓಡಾಟವಿಲ್ಲದ, 55 ಕೆಜಿ ತೂಕದ ಹೆಂಗಸಿಗೇ ದಿನಕ್ಕೆ 1660 ಕ್ಯಾಲೊರಿ ಬೇಕು. ನೀವು ದಿನವಿಡೀ ನಿಂತು ಪಾಠ ಮಾಡುವವರು. ಎದ್ದು ಹನ್ನೆರಡು ಗಂಟೆ ಕಳೆದಿರುತ್ತದೆ. ದಿನಕ್ಕೆ ಬೇಕಾದ ಆಹಾರದಲ್ಲಿ ಮೂರನೇ ಒಂದು ಭಾಗ ಮಾತ್ರ ಹೊಟ್ಟೆಗೆ ಹೋಗಿರುತ್ತದೆ. ಪ್ರೋಟೀನ್ ಇನ್ನೂ ಕಡಿಮೆ. ದಿನಕ್ಕೆ ಸುಮಾರು 46 ಗ್ರಾಂ ಬೇಕಾದ ಕಡೆ, ಸಂಜೆಯವರೆಗೆ ನಿಮಗೆ 15 ಗ್ರಾಂ ಸಿಕ್ಕರೆ ಹೆಚ್ಚು.

ಅಂದಮೇಲೆ ಬಾಗಿಲು ತೆಗೆದ ತಕ್ಷಣ ಕೈ ಡಬ್ಬಕ್ಕೆ ಹೋಗುವುದು ದೌರ್ಬಲ್ಯ ಅಲ್ಲ. ದೇಹ ತನಗೆ ಬರಬೇಕಾದ ಬಾಕಿಯನ್ನು ಕೇಳುತ್ತಿದೆ. ಮನೆ ಊಟ ತುಂಬುವಷ್ಟು ಮಾಡಿದರೆ ಅದರ ಬಹುಪಾಲು ಹೊಟ್ಟೆಯಿಂದ ಮುಂದೆ ಹೋಗಲು ನಾಲ್ಕು ಗಂಟೆ ಹಿಡಿಯುತ್ತದೆ. ಒಂದೇ ಚಪಾತಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ನೀವು 12.45ರಿಂದ 5.30ರವರೆಗೆ ಹತ್ತಿರ ಹತ್ತಿರ ಐದು ಗಂಟೆ ಅದರ ಮೇಲೇ ತಳ್ಳುತ್ತಿದ್ದೀರಿ.

ಇಲ್ಲಿ ಒಂದು ಹಳೆಯ ಪ್ರಯೋಗ ನೆನಪಾಗುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಯುದ್ಧದಲ್ಲಿ ಹಸಿದವರಿಗೆ ಮತ್ತೆ ಹೇಗೆ ಉಣಿಸಬೇಕು ಅಂತ ತಿಳಿಯುವುದು ಅವರ ಉದ್ದೇಶ. ಮನಸ್ಸು, ದೇಹ ಎರಡೂ ಗಟ್ಟಿ ಇದ್ದವರನ್ನೇ ಆರಿಸಿಕೊಂಡಿದ್ದರು. ಕೆಲವೇ ತಿಂಗಳಲ್ಲಿ ಆ ಯುವಕರಿಗೆ ಊಟದ್ದೇ ಧ್ಯಾನವಾಯಿತು. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂತರು. ಸಣ್ಣದಕ್ಕೆಲ್ಲ ಸಿಡುಕು, ಮಂಕು, ಯಾರ ಜೊತೆಯೂ ಬೇಡ ಅನ್ನುವ ಭಾವ. ಮತ್ತೆ ಊಟ ಸಿಕ್ಕಾಗ ಎಷ್ಟೋ ಜನಕ್ಕೆ ಎಷ್ಟು ತಿಂದರೂ ಸಾಲದು ಅನಿಸುತ್ತಿತ್ತು. ನಿಮ್ಮ ಡಯಟ್ ಅಷ್ಟು ಕಠಿಣ ಅಂತ ಹೇಳುತ್ತಿಲ್ಲ. ಆದರೆ ನಾವು 'ಬೇಸರಕ್ಕೆ ತಿಂದೆ' ಅಂತ ಹೇಳುವ ಎಷ್ಟೋ ಸಲ, ಆ ಬೇಸರ ಹುಟ್ಟಿದ್ದೇ ಹಸಿವಿನಿಂದ ಇರಬಹುದು. ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಗಾಗಿ ಮನಸ್ಸಿನ ಕಡೆ ನೋಡುವ ಮೊದಲು ಎರಡು ವಾರ ಹಗಲಿನ ಊಟ ಸರಿ ಮಾಡಿ. ಹೊಟ್ಟೆ ತುಂಬಿದ ಮೇಲೂ ಉಳಿಯುವ ಆಸೆ ಎಷ್ಟೋ, ಅಷ್ಟು ಮಾತ್ರ ಭಾವನೆಯದ್ದು. ಈಗ ಎರಡೂ ಕಲೆಸಿಕೊಂಡಿರುವುದರಿಂದ ಯಾವ ಪರೀಕ್ಷೆ ಮಾಡಿದರೂ ಸರಿಯಾದ ಉತ್ತರ ಸಿಗುವುದಿಲ್ಲ.

ಬೆಳಿಗ್ಗೆ ಅದೇ ಅವಲಕ್ಕಿ ಇರಲಿ, ಸ್ವಲ್ಪ ದೊಡ್ಡ ಬಟ್ಟಲಲ್ಲಿ. ಅದಕ್ಕೆ ಒಂದು ಹಿಡಿ ಶೇಂಗಾ ಹಾಕಿ, ಜೊತೆಗೆ ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ಲೋಟ ಹಾಲು. ಮಧ್ಯಾಹ್ನ ಎರಡು ಚಪಾತಿ ಅಥವಾ ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಹೆಸರುಕಾಳು, ಮಡಿಕೆಕಾಳು ಅಥವಾ ಅಲಸಂದೆ ಪಲ್ಯ, ಒಂದು ಸಣ್ಣ ಡಬ್ಬಿ ಮೊಸರು. ತರಕಾರಿ ಪಲ್ಯ ಇದ್ದರೆ ಅದೂ ಇರಲಿ, ಆದರೆ ಕಾಳು ತಪ್ಪಬಾರದು. ಮಧ್ಯಾಹ್ನದ ಊಟ ಸಂಜೆಯವರೆಗೆ ನಿಲ್ಲುವುದಕ್ಕೆ ಕಾಳು, ಮೊಸರು ತುಂಬಾ ಸಹಾಯ ಮಾಡುತ್ತವೆ.

ಸಂಜೆ 5.30ಕ್ಕೆ ತಿನ್ನಲೇಬೇಡಿ ಅಂತ ನಾನು ಹೇಳುವುದಿಲ್ಲ. ತಿನ್ನಿ. ರಾತ್ರಿ ಊಟ 9ಕ್ಕೆ ಅಂದಮೇಲೆ ನಡುವೆ ಏನಾದರೂ ಬೇಕೇ ಬೇಕು. ಆದರೆ ಏನು ತಿನ್ನಬೇಕು ಅಂತ ಬೆಳಿಗ್ಗೆಯೇ ತೀರ್ಮಾನ ಆಗಿರಲಿ. ಬೆಳಿಗ್ಗೆ ಕಡಲೆಕಾಳು ಬೇಯಿಸಿಟ್ಟು ಹೋದರೆ ಬಂದು ಒಗ್ಗರಣೆ ಹಾಕಿ ಉಸಲಿ ಮಾಡಲು ಐದು ನಿಮಿಷ ಸಾಕು. ಅದೂ ಆಗದಿದ್ದರೆ ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಒಂದು ಹಿಡಿ ಶೇಂಗಾ ಮತ್ತು ಹುರಿಗಡಲೆ ಹಾಕಿ ಕಲಸಿಕೊಳ್ಳಿ. ಬರೀ ಮಂಡಕ್ಕಿ ಎಷ್ಟು ತಿಂದರೂ ಹೊಟ್ಟೆಗೆ ನಾಟುವುದಿಲ್ಲ. ಶೇಂಗಾ, ಹುರಿಗಡಲೆ ಸೇರಿದರೆ ನಾಟುತ್ತದೆ. ಖಾರಾ ಸೇವ್ ಇಷ್ಟ ಇದ್ದರೆ ಮೇಲೆ ಎರಡು ಚಮಚ ಉದುರಿಸಿ. ಡಬ್ಬದಿಂದ ನೇರ ತಿನ್ನುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ಕರಿದ ಖಾರದ ತಿಂಡಿಗಳು 100 ಗ್ರಾಂಗೆ 500 ಕ್ಯಾಲೊರಿ ದಾಟುತ್ತವೆ. ನಿಂತುಕೊಂಡು ನಾಲ್ಕು ಹಿಡಿ ತಿಂದರೆ ಅಷ್ಟು ಆಗಿಹೋಗುತ್ತದೆ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮೆದುಳಿಗೆ ಮುಟ್ಟಲು 15, 20 ನಿಮಿಷ ಬೇಕು. ನಾಲ್ಕು ಹಿಡಿ ಮುಗಿಯಲು ಐದು ನಿಮಿಷ ಸಾಕು.

ಇನ್ನು ಟೆನ್ಶನ್. ನೀವು ಆ ಪದ ಬರೆದಿಲ್ಲ, ಆದರೆ ಶಾಲೆಯಲ್ಲಿ ಇಡೀ ದಿನ ಕಳೆದವರಿಗೆ ಅದು ಇಲ್ಲದೇ ಇರುವುದಿಲ್ಲ. ದೇಹದಲ್ಲಿ ಇದು ಎರಡು ಥರ ಕೆಲಸ ಮಾಡುತ್ತದೆ. ಥಟ್ಟನೆ ಬರುವ ಗಾಬರಿ ಹಸಿವನ್ನು ಕೊಲ್ಲುತ್ತದೆ. ಪರೀಕ್ಷೆ ದಿನ ಬೆಳಿಗ್ಗೆ ಮಕ್ಕಳಿಗೆ ಇಡ್ಲಿ ಗಂಟಲಲ್ಲಿ ಇಳಿಯುವುದಿಲ್ಲ, ಅಲ್ವಾ? ಅದು ಅಡ್ರಿನಲಿನ್ ಮಾಡುವ ಕೆಲಸ. ಗಾಬರಿ ಮುಗಿಯದೆ ಗಂಟೆಗಟ್ಟಲೆ, ದಿನಗಟ್ಟಲೆ ಎಳೆದರೆ ಕಾರ್ಟಿಸಾಲ್ ಎಂಬ ಹಾರ್ಮೋನ್ ಹೆಚ್ಚಾಗಿ ಉಳಿಯುತ್ತದೆ. ಅದು ಹಸಿವನ್ನು ಏರಿಸುತ್ತದೆ. ಅದರಲ್ಲೂ ಸಿಹಿ, ಎಣ್ಣೆ, ಕೊಬ್ಬಿನ ತಿಂಡಿಯ ಕಡೆ ಮನಸ್ಸನ್ನು ಎಳೆಯುತ್ತದೆ. ಶಾಲೆಯಲ್ಲಿ ಇರುವಾಗ ಏನೂ ಬೇಡ ಅನಿಸಿ, ಮನೆಗೆ ಬಂದ ಕೂಡಲೇ ಎಲ್ಲ ಬೇಕು ಅನಿಸುವುದರ ಹಿಂದೆ ಇದೂ ಸ್ವಲ್ಪ ಇರಬಹುದು. ಆದ್ದರಿಂದ ಬಂದ ಮೇಲೆ ಬ್ಯಾಗ್ ಇಟ್ಟು, ಕೈಕಾಲು ಮುಖ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಕೂತು ತಿನ್ನಿ. ಹತ್ತು ನಿಮಿಷದ ಈ ಅಂತರದಲ್ಲಿ ನಿಜವಾದ ಹಸಿವು ಹೋಗಿಬಿಡುವುದಿಲ್ಲ. ಶಾಲೆಯ ಸಿಟ್ಟು ಮಾತ್ರ ಸ್ವಲ್ಪ ಇಳಿದಿರುತ್ತದೆ.

ಈಗ ಗುರುತಿಸುವ ವಿಷಯಕ್ಕೆ ಬರುತ್ತೇನೆ.

ಹೊಟ್ಟೆ ಖಾಲಿಯಾದಾಗ ಗ್ರೆಲಿನ್ ಎಂಬ ಹಾರ್ಮೋನ್ ಹೊಟ್ಟೆಯಿಂದಲೇ ಹೊರಟು ಮೆದುಳಿಗೆ ಹೇಳುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದರು. ಊಟದ ಮೊದಲು ಏರುತ್ತದೆ, ಊಟದ ನಂತರ ಇಳಿಯುತ್ತದೆ. ನಾವು ರೂಢಿ ಮಾಡಿಕೊಂಡ ಊಟದ ಹೊತ್ತಿಗೂ ಅದು ಏರುತ್ತದೆ. ನಿಜವಾದ ಹಸಿವು ಹೀಗೆ ಮೆಲ್ಲಗೆ ಬರುತ್ತದೆ. ಮೊದಲು ಹೊಟ್ಟೆ ಖಾಲಿ ಅನಿಸುತ್ತದೆ, ಗುರ್ ಅನ್ನುತ್ತದೆ, ಆಮೇಲೆ ಕೆಲಸದಲ್ಲಿ ಗಮನ ತಪ್ಪುತ್ತದೆ, ಸ್ವಲ್ಪ ಸುಸ್ತು, ಸ್ವಲ್ಪ ಸಿಡುಕು. ಆಗ ಅನ್ನ ಸಾರು ಆದರೂ ಸರಿ, ನಿನ್ನೆಯ ರೊಟ್ಟಿ ಆದರೂ ಸರಿ. ತಿಂದ ಮೇಲೆ ನಿಲ್ಲುತ್ತದೆ, ತಿಂದದ್ದಕ್ಕೆ ಬೇಸರವೂ ಆಗುವುದಿಲ್ಲ. ಮನಸ್ಸಿನಿಂದ ಬರುವ ಆಸೆ ಥಟ್ಟನೆ ಬರುತ್ತದೆ, ಹೊಟ್ಟೆಗಿಂತ ಬಾಯಲ್ಲಿ ಇರುತ್ತದೆ, ಇಂಥದ್ದೇ ಬೇಕು ಅನ್ನುತ್ತದೆ. ಹೊಟ್ಟೆ ಬಿಗಿದರೂ ಕೈ ನಿಲ್ಲುವುದಿಲ್ಲ.

ಇದರಿಂದ ನಾನು ಎಲ್ಲರಿಗೂ ಹೇಳುವ ಒಂದು ಸುಲಭ ಪ್ರಶ್ನೆ ಇದೆ: 'ಈಗ ತಟ್ಟೆಗೆ ಮೊಸರನ್ನ ಹಾಕಿಕೊಟ್ಟರೆ ತಿನ್ನುತ್ತೀನಾ?' ತಿನ್ನುತ್ತೇನೆ ಅಂದರೆ ಹಸಿವು. ಬೇಡ, ಚಾಕೊಲೇಟೇ ಬೇಕು ಅಂದರೆ ಬೇರೆ ಏನೋ. ಆದರೆ ಈ ಪ್ರಶ್ನೆ ಮೋಸ ಮಾಡುವ ಸಂದರ್ಭವೂ ಇದೆ, ಅದು ನಿಮಗೇ ಅನ್ವಯಿಸುತ್ತದೆ. ತುಂಬಾ ಹೊತ್ತು ಹಸಿದವರಿಗೆ ಬೇಗ ಶಕ್ತಿ ಕೊಡುವ ಸಿಹಿ, ಕರಿದದ್ದೇ ಮೊದಲು ಕಣ್ಣಿಗೆ ಬೀಳುತ್ತದೆ. ಮೊಸರನ್ನ ಬೇಡ ಅನಿಸುತ್ತದೆ, ಆದರೂ ಅದು ನಿಜವಾದ ಹಸಿವೇ. ಹಾಗಾಗಿ ಮೊದಲು ಗಡಿಯಾರ ನೋಡಿ. ಕೊನೆಯ ಸಲ ಹೊಟ್ಟೆ ತುಂಬ ತಿಂದು ನಾಲ್ಕು ಗಂಟೆ ದಾಟಿದ್ದರೆ ಪರೀಕ್ಷೆ ಮಾಡುತ್ತಾ ಕೂರಬೇಡಿ, ಊಟ ಮಾಡಿ. ಎರಡು ಗಂಟೆಯೂ ಆಗಿಲ್ಲ ಅಂದರೆ ಮೊಸರನ್ನದ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತದೆ.

ನೀರು ಕುಡಿದು ನೋಡಿ, ಹೋದರೆ ಅದು ಹಸಿವಲ್ಲ ಅಂತ ಕೆಲವರು ಹೇಳುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಒಂದು ಚೊಂಬು ನೀರು ಕುಡಿದರೆ ನಿಜವಾದ ಹಸಿವೂ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಊಟದ ಹೊತ್ತು ಬಿಟ್ಟು ಬೇರೆ ಹೊತ್ತಲ್ಲಿ ತಿನ್ನುವ ಮೊದಲು ಒಂದೇ ಸಾಲು ಬರೆಯಿರಿ: ಕೊನೆಗೆ ತಿಂದಿದ್ದು ಎಷ್ಟು ಗಂಟೆಗೆ, ಈಗ ದೇಹದಲ್ಲಿ ಎಲ್ಲಿ ಏನು ಅನಿಸುತ್ತಿದೆ, ಸ್ವಲ್ಪ ಮೊದಲು ಏನಾಯಿತು. ಬರೆದ ಮೇಲೆ ತಿನ್ನಬಹುದು, ತಡೆಯುವುದು ಇದರ ಉದ್ದೇಶ ಅಲ್ಲ. ಕ್ಯಾಲೊರಿ ಬರೆಯುವುದು ಬೇಡ, ತೂಕವೂ ಬೇಡ. ನಿಮ್ಮ ಒಂದು ಮಂಗಳವಾರದ ಹಾಳೆ ಹೀಗಿರಬಹುದು. '5.35. ಕೊನೆಗೆ ತಿಂದಿದ್ದು 12.45. ಹೊಟ್ಟೆ ಖಾಲಿ, ತಲೆ ಭಾರ. ಬಸ್ಸಲ್ಲಿ ನಿಂತು ಬಂದೆ.' ಇದು ಹಸಿವು, ಅನುಮಾನ ಬೇಡ. '10.40. ಕೊನೆಗೆ ತಿಂದಿದ್ದು 9.00. ಹೊಟ್ಟೆ ತುಂಬಿದೆ, ಬಾಯಿಗೆ ಏನೋ ಬೇಕು. ಅರ್ಧ ಗಂಟೆಯಿಂದ ರೀಲ್ಸ್ ನೋಡ್ತಿದ್ದೆ.' ಇದು ಹಸಿವಲ್ಲ, ಇದರಲ್ಲೂ ಅನುಮಾನ ಬೇಡ. ಕಷ್ಟವಾಗುವುದು ಇವೆರಡರ ನಡುವಿನ ಸಾಲುಗಳು. 'ಊಟ ಆಗಿ ಮೂರು ಗಂಟೆ, ಸ್ವಲ್ಪ ಹೊಟ್ಟೆ ಖಾಲಿ, ಹೆಡ್‌ಮಾಸ್ಟರ್ ಮಾತಿಗೆ ಬೇಜಾರು' ಅಂತ ಇದ್ದರೆ ಎರಡೂ ಇವೆ. ಹಾಗಿದ್ದಾಗ ಹಸಿವಿನ ಪಾಲಿಗೆ ಒಂದು ಹಣ್ಣೋ ಒಂದು ಲೋಟ ಮಜ್ಜಿಗೆಯೋ ಕೊಟ್ಟು, ಉಳಿದದ್ದನ್ನು ಬೇರೆಯಾಗಿ ನೋಡಿ. ಒಂದು ವಾರ ಬರೆದರೆ ಯಾವ ಹೊತ್ತು, ಯಾವ ಜಾಗ, ಯಾವ ಕಾರಣ ಪದೇ ಪದೇ ಬರುತ್ತದೆ ಅಂತ ನಿಮಗೇ ಕಾಣುತ್ತದೆ.

ರಾತ್ರಿ 10.30ರ ವಿಷಯ. ಬೇಜಾರಾದಾಗ ನಮಗೆ ಬೇಕಾಗುವುದು ಆಹಾರವೇ ಆಗಿರಬೇಕಾಗಿಲ್ಲ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನ ಸಂಶೋಧಕರು 2015ರಲ್ಲಿ ಒಂದು ವಿಚಿತ್ರ ಪ್ರಯೋಗ ಪ್ರಕಟಿಸಿದರು. ಒಂದೇ ಸಣ್ಣ ವಿಡಿಯೊ ತುಣುಕನ್ನು ಮತ್ತೆ ಮತ್ತೆ ತೋರಿಸಿ ಜನರಿಗೆ ಬೇಜಾರು ಹಿಡಿಸಿದರು. ಪಕ್ಕದಲ್ಲಿ ಚಾಕೊಲೇಟ್ ಇಟ್ಟರೆ, ಬೇಜಾರಾದವರು ಹೆಚ್ಚು ತಿಂದರು. ಚಾಕೊಲೇಟ್ ಬದಲು ಸಣ್ಣ ಕರೆಂಟ್ ಶಾಕ್ ಕೊಟ್ಟುಕೊಳ್ಳುವ ಅವಕಾಶ ಇಟ್ಟರೆ, ಅದನ್ನೂ ಹೆಚ್ಚು ಸಲ ಕೊಟ್ಟುಕೊಂಡರು! ಅಂದರೆ ಬೇಜಾರಾದ ಮನಸ್ಸಿಗೆ ಏನಾದರೂ ಅನುಭವ ಬೇಕು, ಅದು ನೋವಾದರೂ ಸರಿ. ಬಿಸ್ಕತ್ತು ಕೈಗೆ ಹತ್ತಿರ ಇದೆ, ಅಷ್ಟೇ.

ನಿಮ್ಮ ವಿಷಯದಲ್ಲಿ ಇದಕ್ಕೆ ಇನ್ನೊಂದು ಸೇರಿದೆ. ನೀವು ಮಲಗುವುದು ಐದೇ ಗಂಟೆ. 2004ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು 12 ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ಮಾತ್ರ ನಾಲ್ಕು ಗಂಟೆ ಮಲಗಿಸಿ ನೋಡಿದರು. ಹತ್ತು ಗಂಟೆ ಮಲಗಲು ಬಿಟ್ಟಾಗಿನದಕ್ಕೆ ಹೋಲಿಸಿದರೆ, ಹಸಿವು ತರುವ ಗ್ರೆಲಿನ್ 28% ಏರಿತ್ತು. ಸಾಕು ಅನ್ನುವ ಲೆಪ್ಟಿನ್ 18% ಇಳಿದಿತ್ತು. ಸಿಹಿ, ಉಪ್ಪಿನ ಕುರುಕಲುಗಳ ಆಸೆ ಹೆಚ್ಚಿತ್ತು. ಸಣ್ಣ ಪ್ರಯೋಗ, ಗಂಡಸರ ಮೇಲೆ ಮಾಡಿದ್ದು. ಆದರೂ ನಿದ್ದೆ ಕೆಟ್ಟ ಮರುದಿನ ತಿನ್ನುವುದು ಹೆಚ್ಚುತ್ತದೆ ಅನ್ನುವುದನ್ನು ಆಮೇಲಿನ ಬೇರೆ ಅಧ್ಯಯನಗಳೂ ತೋರಿಸಿವೆ. ಹಾಗಾಗಿ ರಾತ್ರಿ 10.30ಕ್ಕೆ ಬರುವ ಆಸೆಯನ್ನು ನಾನು ಮೊದಲು 'ನಿದ್ದೆ ಬಂದಿದೆ' ಅಂತ ಓದುತ್ತೇನೆ. ಸುಸ್ತಾದ ದೇಹ ಎಚ್ಚರ ಇರಲು ಸಿಹಿ ಕೇಳುತ್ತಿದೆ.

ಇದಕ್ಕೆ ಮಾಡಬೇಕಾದ್ದು ತುಂಬಾ ಸರಳ. ಊಟ 9ರಿಂದ 8.30ಕ್ಕೆ ಬರಲಿ. 10.15ಕ್ಕೆ ಮೊಬೈಲ್ ಹಾಲ್‌ನಲ್ಲೇ ಚಾರ್ಜ್‌ಗೆ ಹಾಕಿ, ಹಲ್ಲುಜ್ಜಿ, ಹಾಸಿಗೆಗೆ ಹೋಗಿ. ನಾನು ಗಮನಿಸಿರುವ ಪ್ರಕಾರ ಹಲ್ಲುಜ್ಜಿದ ಮೇಲೆ ಎಷ್ಟೋ ಜನರ ಆಸೆ ಅರ್ಧ ಇಳಿಯುತ್ತದೆ. ಆದರೂ ಬೇಕು ಅನಿಸಿದರೆ ಹತ್ತು ನಿಮಿಷ ಕೈ, ಕಣ್ಣು ಎರಡಕ್ಕೂ ಕೆಲಸ ಕೊಡಿ. ನಾಳೆಯ ಕಾಳು ತೊಳೆದು ನೆನೆಸಿ, ಬಟ್ಟೆ ಮಡಚಿ, ಹೂವು ಕಟ್ಟಿ. ಬಾಯಿಯ ಆಸೆ ಏರಿ ತಾನೇ ಇಳಿಯುತ್ತದೆ, ಹತ್ತು, ಹದಿನೈದು ನಿಮಿಷದಲ್ಲಿ ಮಂಕಾಗುತ್ತದೆ. ಹಸಿವೂ ಕೆಲವೊಮ್ಮೆ ಹಾಗೆ ಇಳಿದಂತೆ ಕಾಣುತ್ತದೆ, ಊಟದ ಹೊತ್ತು ಮೀರಿದ ಮೇಲೆ ಹಸಿವು ಸತ್ತುಹೋಯಿತು ಅನ್ನುತ್ತೇವಲ್ಲ, ಹಾಗೆ. ವ್ಯತ್ಯಾಸ ಆಮೇಲೆ ತಿಳಿಯುತ್ತದೆ. ಹಸಿವು ಮತ್ತೆ ಬರುತ್ತದೆ, ಮೊದಲಿಗಿಂತ ಜೋರಾಗಿ. ಹಾಸಿಗೆಯಲ್ಲಿ ಮಲಗಿದರೂ ಹೊಟ್ಟೆ ಕೇಳುತ್ತಿದ್ದರೆ ಎದ್ದು ಒಂದು ಲೋಟ ಹಾಲು ಕುಡಿದು ಮಲಗಿ, ಅದರಲ್ಲಿ ತಪ್ಪಿಲ್ಲ. ಮರುದಿನದ ಮಧ್ಯಾಹ್ನದ ಊಟ ಸ್ವಲ್ಪ ಹೆಚ್ಚಿಸಿ.

ಭಾನುವಾರದ ಸಂಜೆಯನ್ನು ಈ ಸಾಲಿಗೆ ಸೇರಿಸಲು ನನಗೆ ಇಷ್ಟವಿಲ್ಲ. ಅಲ್ಲಿ ತಿಂಡಿಯ ಮಾತು ಎರಡನೆಯದು. ಎಷ್ಟೋ ವರ್ಷ ಅದೇ ಹೊತ್ತಿಗೆ ನಿಮ್ಮ ತಾಯಿಯ ದನಿ ಕೇಳಿದ್ದೀರಿ. ಈಗ ಆ ಗಂಟೆ ಬರುತ್ತದೆ, ಮಾತಾಡಲು ಯಾರೂ ಇಲ್ಲ. ಹತ್ತು ತಿಂಗಳು ದೊಡ್ಡ ಅವಧಿಯೇನೂ ಅಲ್ಲ. ಮೊದಲ ವರ್ಷದಲ್ಲಿ ಪ್ರತಿ ಹಬ್ಬವೂ ಪ್ರತಿ ಭಾನುವಾರವೂ ಮತ್ತೆ ಹೊಸದಾಗಿ ನೋಯಿಸುತ್ತದೆ. ಆ ಹೊತ್ತಿಗೆ ಏನಾದರೂ ತಿಂದರೆ ನೀವು ಕೆಟ್ಟವರಾಗುವುದಿಲ್ಲ.

ಆದರೆ ತಿಂಡಿ ಆ ದುಃಖವನ್ನು ಎಷ್ಟು ಇಳಿಸುತ್ತದೆ ಅನ್ನುವುದನ್ನು ತಿಳಿದಿರುವುದು ಒಳ್ಳೆಯದು. ಮಿನ್ನೆಸೋಟದಲ್ಲೇ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಬೇಸರ ತರುವ ವಿಡಿಯೊ ತೋರಿಸಿದ ಮೇಲೆ ಕೆಲವರಿಗೆ ಅವರಿಗೆ ಸಮಾಧಾನ ಕೊಡುವ ಇಷ್ಟದ ತಿಂಡಿ ಕೊಟ್ಟರು, ಕೆಲವರಿಗೆ ಬೇರೆ ತಿಂಡಿ, ಕೆಲವರಿಗೆ ಏನೂ ಇಲ್ಲ. ಎಲ್ಲರ ಮನಸ್ಸೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಚೇತರಿಸಿಕೊಂಡಿತು. ವಿಡಿಯೊ ನೋಡಿ ಬಂದ ಬೇಸರವೂ ತಾಯಿ ಹೋದ ದುಃಖವೂ ಒಂದಲ್ಲ, ಅದನ್ನು ಒಪ್ಪುತ್ತೇನೆ. ಆದರೂ ಮನಸ್ಸು ಹಗುರಾಗಿದ್ದು ತಿಂಡಿಯಿಂದ ಅಂತ ನಾವು ನಂಬುವಾಗ, ಸುಮ್ನೆ ಹೊತ್ತು ಕಳೆದದ್ದೇ ಆ ಕೆಲಸ ಮಾಡಿರಬಹುದು.

ಆ ಗಂಟೆಯನ್ನು ಖಾಲಿ ಬಿಡಬೇಡಿ. ಅವ್ವನನ್ನು ಬಲ್ಲವರು ಯಾರಾದರೂ ಇರುತ್ತಾರೆ, ಚಿಕ್ಕಮ್ಮ, ಸೋದರಮಾವ, ಅಕ್ಕ, ಅಣ್ಣ. ಅದೇ ಹೊತ್ತಿಗೆ ಅವರಿಗೆ ಫೋನ್ ಮಾಡಿ, ಅವ್ವನ ಮಾತೇ ಆಡಿ. ಅಳು ಬಂದರೆ ಬರಲಿ. ಗಂಟಲು ಬಿಗಿಯುವುದನ್ನು, ಎದೆ ಭಾರವಾಗುವುದನ್ನು ಎಷ್ಟೋ ಸಲ ನಾವು ಹಸಿವು ಅಂತ ತಪ್ಪು ತಿಳಿಯುತ್ತೇವೆ. ಮಾತಾಡಿದ ಮೇಲೆ ಆ ಬಿಗಿ ಸಡಿಲವಾದರೆ ಅದು ಹೊಟ್ಟೆಯದ್ದಾಗಿರಲಿಲ್ಲ ಅಂತ ಗೊತ್ತಾಗುತ್ತದೆ. ಅವ್ವ ಮಾಡುತ್ತಿದ್ದ ಅಡುಗೆಯ ಆಸೆಯೇ ಬಂದರೆ, ಡಬ್ಬದ ಚಕ್ಲಿ ಬಿಟ್ಟು ಅದನ್ನೇ ಮಾಡಿ, ಮನೆಯವರಿಗೆಲ್ಲ ಬಡಿಸಿ, ಜೊತೆಗೆ ಕೂತು ಉಣ್ಣಿ.

ತಿಂಗಳುಗಟ್ಟಲೆ ಕಳೆದರೂ ಯಾವುದರಲ್ಲೂ ಆಸಕ್ತಿ ಇಲ್ಲ, ಬೆಳಗಾದರೆ ಏಳಲು ಮನಸ್ಸಿಲ್ಲ, ಬದುಕೇ ಬೇಡ ಅನಿಸುತ್ತದೆ ಅಂದರೆ ಅದು ಊಟದ ಸಮಸ್ಯೆ ಅಲ್ಲ, ತಡ ಮಾಡದೆ ಸಹಾಯ ಪಡೆಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇದನ್ನು ಓದುವ ಬೇರೆಯವರಿಗಾಗಿ ಒಂದೆರಡು ಎಚ್ಚರಿಕೆ ಹೇಳಬೇಕು. ಶುಗರ್‌ಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಹತ್ತು ನಿಮಿಷ ಕಾಯುವ ಪರೀಕ್ಷೆ ಮಾಡಲೇಬಾರದು. ಥಟ್ಟನೆ ಹಸಿವು, ಜೊತೆಗೆ ಕೈ ನಡುಕ, ಬೆವರು, ಎದೆ ಬಡಿತ ಬಂದರೆ ಸಕ್ಕರೆ ಇಳಿದಿರಬಹುದು. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಅಳೆಯಲು ಆಗದಿದ್ದರೂ, ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಸ್ಟೀರಾಯ್ಡ್ ಮಾತ್ರೆಗಳು, ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಿಗಳು ಹಸಿವನ್ನು ನಿಜವಾಗಿಯೇ ಹೆಚ್ಚಿಸುತ್ತವೆ. ಅದಕ್ಕೆ ಮಾತ್ರೆ ತಾವೇ ನಿಲ್ಲಿಸದೆ ವೈದ್ಯರ ಹತ್ತಿರ ಹೇಳಿ. ತಿನ್ನುವುದು ಹೆಚ್ಚಾಗಿಯೂ ತೂಕ ಇಳಿಯುತ್ತಿದ್ದರೆ ಶುಗರ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುಟ್ಟು ಬರುವುದಕ್ಕೆ ಮುಂಚಿನ ವಾರ ಅನೇಕ ಹೆಂಗಸರಿಗೆ ಹಸಿವು, ಸಿಹಿಯ ಆಸೆ ಎರಡೂ ಏರುತ್ತವೆ. ನೋಟ್‌ಬುಕ್‌ನಲ್ಲಿ ಆ ದಿನಗಳನ್ನು ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಹಂತ ಇದೆ, ಅದಕ್ಕೂ ಬೇಸರಕ್ಕೆ ನಾಲ್ಕು ಬಿಸ್ಕತ್ತು ತಿನ್ನುವುದಕ್ಕೂ ಸಂಬಂಧವಿಲ್ಲ. ಒಂದು ಎರಡು ಗಂಟೆಯೊಳಗೆ, ಬೇರೆಯವರು ನೋಡಿದರೆ ದಂಗಾಗುವಷ್ಟು ತಿನ್ನುವುದು. ನಿಲ್ಲಿಸಬೇಕು ಅಂದರೂ ನಿಲ್ಲಿಸಲು ಆಗದಿರುವುದು. ನಾಚಿಕೆಯಿಂದ ಬಚ್ಚಿಟ್ಟುಕೊಂಡು ತಿನ್ನುವುದು, ಹೊಟ್ಟೆ ನೋಯುವವರೆಗೆ ತಿಂದು ಆಮೇಲೆ ತನ್ನನ್ನೇ ಅಸಹ್ಯಪಡುವುದು. ಇದು ವಾರಕ್ಕೆ ಒಮ್ಮೆಯಾದರೂ, ಮೂರು ತಿಂಗಳು ನಡೆದರೆ ಅದನ್ನು ವೈದ್ಯರು ಒಂದು ಕಾಯಿಲೆ ಅಂತ ಗುರುತಿಸುತ್ತಾರೆ, ಅದಕ್ಕೆ ಚಿಕಿತ್ಸೆಯೂ ಇದೆ. ತಿಂದು ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು ಇದ್ದರೆ ಮೂರು ತಿಂಗಳು ಕಾಯಲೇಬಾರದು. ಅಂಥವರು ಮನೋವೈದ್ಯರನ್ನು ಕಾಣಬೇಕು. ನೀವು ಬರೆದದ್ದರಲ್ಲಿ ಅದು ಕಾಣುವುದಿಲ್ಲ. ಆದರೆ ಬರೆಯದೆ ಉಳಿಸಿದ್ದು ಏನಾದರೂ ಇದ್ದರೆ ಇನ್ನು ಬಚ್ಚಿಡಬೇಡಿ.

ಕುರುಕಲು ತರುವುದನ್ನು ಬಿಡಬೇಕಾ ಅಂತ ಕೇಳಿದ್ದೀರಿ. ಪೂರ್ತಿ ಬಿಡಬೇಡಿ. ಪೂರ್ತಿ ಬಿಟ್ಟವರು ಒಂದು ದಿನ ಬೇಕರಿ ಮುಂದೆ ನಿಂತಾಗ, ಹೇಗೂ ಇವತ್ತು ಕೆಟ್ಟಿತು ಅಂತ ಅರ್ಧ ಕೆಜಿ ಕಟ್ಟಿಸಿಕೊಂಡು ಬರುತ್ತಾರೆ. ಇದನ್ನು ನಾನು ಪದೇ ಪದೇ ನೋಡಿದ್ದೇನೆ. ದೊಡ್ಡ ಡಬ್ಬದ ಬದಲು 100 ಗ್ರಾಂ ಪೊಟ್ಟಣ ತನ್ನಿ. ಬಾಗಿಲ ಹತ್ತಿರದ ಶೆಲ್ಫಿನಿಂದ ಅಡುಗೆಮನೆಯ ಮೇಲಿನ ಅಟ್ಟಕ್ಕೆ ಹೋಗಲಿ. ಕಣ್ಣಿಗೆ ಬೀಳುವ ಜಾಗದಲ್ಲಿ ಬಾಳೆಹಣ್ಣು, ಹುರಿಗಡಲೆ ಇರಲಿ. ಚಕ್ಲಿ ತಿನ್ನಬೇಕು ಅನಿಸಿದ ದಿನ ಎರಡು ಚಕ್ಲಿ ತಟ್ಟೆಗೆ ಹಾಕಿ, ಡಬ್ಬ ಮುಚ್ಚಿ ಮೇಲಿಟ್ಟು, ಕಾಫಿ ಜೊತೆ ಕೂತು ತಿನ್ನಿ. ಈ ಎರಡು ವಾರ ತೂಕದ ಯಂತ್ರ ಹತ್ತಬೇಡಿ. ಊಟ ಹೆಚ್ಚಿದ ಮೊದಲ ದಿನಗಳಲ್ಲಿ ನೀರು ಸೇರಿ ಒಂದು ಕೆಜಿ ಏರಿದಂತೆ ಕಾಣಬಹುದು, ಅದನ್ನು ನೋಡಿ ಹೆದರಿ ಮತ್ತೆ ಒಂದು ಚಪಾತಿಗೆ ಇಳಿದುಬಿಡುತ್ತೀರಿ. ಎರಡು ವಾರ ಆದ ಮೇಲೆ ನೋಟ್‌ಬುಕ್‌ನ 5.30ರ ಸಾಲುಗಳನ್ನು ಮೊದಲು ಓದಿ. ಅಲ್ಲಿ ಧಾವಂತ ಕಡಿಮೆಯಾಗಿದ್ದರೆ ಹಗಲಿನ ಊಟ ಈಗ ಸಾಲುತ್ತಿದೆ. ಹೊಟ್ಟೆ ತುಂಬಿದ್ದೂ ಅದೇ ಧಾವಂತ ಉಳಿದಿದ್ದರೆ ಆ ಹಾಳೆಗಳನ್ನೇ ಹಿಡಿದು ನಿಮ್ಮ ಊರಿನ ಆಪ್ತ ಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ.